ಅರ್ಧ ಕಂಡ ಪ್ರಶ್ನೆಗೆ ಉತ್ತರವೇನು?

ಹಿಂದಿನ ಕಾಲದ ವಿದ್ಯಾರ್ಥಿಯು ಲೆಕ್ಕ ಬಿಡಿಸಲಾರದೆ ಹೋದಾಗ ಪುಸ್ತಕವನ್ನೇ ಕಂಕುಳಲ್ಲಿಟ್ಟುಕೊಂಡು ಉಪಾಧ್ಯಾಯರ ಮನೆಗೆ ಹೋಗುತ್ತಿದ್ದನು. ಇಂದಿನ ವಿದ್ಯಾರ್ಥಿಯು ಆ ಪುಟದ ಚಿತ್ರವನ್ನು ಮೊಬೈಲಿನಲ್ಲಿ ಹಿಡಿದು ವಾಟ್ಸ್ಆ್ಯಪ್ ಮೂಲಕ ಕಳುಹಿಸುತ್ತಾನೆ. ಕಾಲುಗಳಿಗೆ ಶ್ರಮ ತಪ್ಪಿತು, ನಿಜ. ಆದರೆ ಉಪಾಧ್ಯಾಯರಿಗೆ ಹೊಸದೊಂದು ಕಷ್ಟ ಬಂದಿತು. ಚಿತ್ರದಲ್ಲಿ ಪ್ರಶ್ನೆಯ ತಲೆ ಕತ್ತರಿಸಿಹೋಗಿರಬಹುದು. ಬರೆದುಕೊಂಡ ಸಾಲಿಗೆ ಎರಡು ಅರ್ಥವಿರಬಹುದು. ಇಲ್ಲವೆ ಪುಸ್ತಕದಲ್ಲಿಯೇ ಮುದ್ರಾರಾಕ್ಷಸನು ಕೈವಾಡ ತೋರಿಸಿರಬಹುದು. ಬೆಳಗಾದರೆ ಪರೀಕ್ಷೆ. ಇಂತಹ ರಾತ್ರಿ ಉಪಾಧ್ಯಾಯರು ಊಹಿಸಿ ಬಿಡಿಸಿದ ಲೆಕ್ಕವು ಹತ್ತು ನಿಮಿಷದಲ್ಲಿ ತರಗತಿಯ ಎಲ್ಲ ಮಕ್ಕಳ ಕೈಸೇರುತ್ತದೆ. ಊಹೆ ತಪ್ಪಿದರೆ ಎಲ್ಲರೂ ಒಟ್ಟಿಗೆ ತಪ್ಪುತ್ತಾರೆ.

ಮೊದಲು ಕತ್ತರಿಸಿಹೋದ ಪ್ರಶ್ನೆಯನ್ನು ನೋಡೋಣ. ಹತ್ತನೆಯ ತರಗತಿಯ ವರ್ಗ ಸಮೀಕರಣದ ಪಾಠದಲ್ಲಿ ಬರುವಂತಹ ಲೆಕ್ಕವೊಂದು: ಲಂಬಕೋನ ತ್ರಿಭುಜವೊಂದರ ಎತ್ತರವು ಅದರ ಪಾದಕ್ಕಿಂತ ಇಷ್ಟು ಸೆಂ.ಮೀ. ಕಡಿಮೆ, ವಿಕರ್ಣ 13 ಸೆಂ.ಮೀ.; ಉಳಿದೆರಡು ಬಾಹುಗಳೆಷ್ಟು? ಚಿತ್ರದ ಮೇಲಂಚು ಮೊದಲ ಸಾಲಿನ ನೆತ್ತಿಯನ್ನು ಕತ್ತರಿಸಿಬಿಟ್ಟಿದೆ. "ಇಷ್ಟು" ಎಂಬಲ್ಲಿ ಉಳಿದಿರುವುದು ಓರೆಯಾದ ಒಂದು ಗೆರೆ ಮಾತ್ರ. ಅದು 1 ಆಗಿರಬಹುದು. ತಲೆ ಹೋದ 7 ಸಹ ಹಾಗೆಯೇ ಕಾಣುತ್ತದೆ.

ಎರಡನ್ನೂ ಇಟ್ಟು ನೋಡಬೇಕು. ಪಾದವನ್ನು x ಎನ್ನೋಣ. ವ್ಯತ್ಯಾಸ 7 ಆದರೆ x² + (x − 7)² = 169; ಇದನ್ನು ಸುಲಭಗೊಳಿಸಿದರೆ x² − 7x − 60 = 0. ಇದರಿಂದ x = 12; ಬಾಹುಗಳು 12 ಮತ್ತು 5. ವ್ಯತ್ಯಾಸ 1 ಆದರೆ x² − x − 84 = 0; ಇದರ ಶೋಧಕ 337, ಅದು ಪೂರ್ಣ ವರ್ಗವಲ್ಲ. ಬಾಹುಗಳು ಸುಮಾರು 9.68 ಮತ್ತು 8.68 ಎಂದು ಬರುತ್ತವೆ. ಎಡಗಡೆಯಲ್ಲಿ ಇನ್ನೊಂದು ಅಂಕಿ ಅಡಗಿ 17 ಆಗಿದ್ದರೆ? ಅದು ಸಾಧ್ಯವಿಲ್ಲ. ತ್ರಿಭುಜದ ಎರಡು ಬಾಹುಗಳ ವ್ಯತ್ಯಾಸವು ಮೂರನೆಯದಕ್ಕಿಂತ ಯಾವಾಗಲೂ ಕಡಿಮೆ. ಇಲ್ಲಿ ಮೂರನೆಯದು 13.

ಹಾಗಾದರೆ 7 ಎಂದೇ ತೀರ್ಮಾನಿಸಬಹುದೆ? ಇಲ್ಲಿ ಒಂದು ಎಚ್ಚರಿಕೆ ಬೇಕು. 7 ಇಟ್ಟರೆ ಉತ್ತರ ಚೊಕ್ಕಟವಾಗಿದೆ. 1 ಇಟ್ಟರೆ ಚೊಕ್ಕಟವಾಗಿಲ್ಲ. ಆದರೆ ಚೊಕ್ಕಟವಲ್ಲದ್ದೆಲ್ಲ ಅಸಾಧ್ಯವಲ್ಲ. 9.68 ಮತ್ತು 8.68 ಬಾಹುಗಳ ತ್ರಿಭುಜವನ್ನು ಕಾಗದದ ಮೇಲೆ ಎಳೆಯಬಹುದು. ಆದಕಾರಣ 7 ಎಂಬುದು ಬಲವಾದ ಊಹೆಯೇ ಹೊರತು ಸಿದ್ಧವಾದ ಸತ್ಯವಲ್ಲ. "ಮೇಲಿನ ಸಾಲು ಪೂರ್ತಿ ಕಾಣುವ ಹಾಗೆ ಇನ್ನೊಮ್ಮೆ ತೆಗೆದು ಕಳುಹಿಸಪ್ಪ" ಎಂದು ಕೇಳುವುದಕ್ಕೆ ಅರ್ಧ ನಿಮಿಷ ಸಾಕು. ಹುಡುಗನು ಸಿಕ್ಕದಿದ್ದರೆ, ಉತ್ತರದ ಮೊದಲನೆಯ ಸಾಲಿನಲ್ಲಿಯೇ "ವ್ಯತ್ಯಾಸ 7 ಸೆಂ.ಮೀ. ಎಂದು ಓದಿಕೊಂಡಿದೆ, ಪುಸ್ತಕದೊಡನೆ ಹೋಲಿಸಿಕೊಳ್ಳುವುದು" ಎಂದು ಬರೆದು ಮುಂದುವರಿಯಬೇಕು. ಆ ಮಾತನ್ನು ಕೊನೆಗೆ ಬರೆದರೆ ಓದುವವರಾರು?

ಎರಡನೆಯದು ಅಚ್ಚಿನ ತಪ್ಪು. ಇಲ್ಲಿ ಚಿತ್ರ ಸ್ಪಷ್ಟವಾಗಿದೆ, ಅಕ್ಷರಗಳೆಲ್ಲ ಇವೆ, ಲೆಕ್ಕ ಮಾತ್ರ ಬಗೆಹರಿಯದು. ಒಂದು ಉದಾಹರಣೆ: ಎರಡು ಅನುಕ್ರಮ ಬೆಸ ಸಂಖ್ಯೆಗಳ ವರ್ಗಗಳ ಮೊತ್ತ 260, ಸಂಖ್ಯೆಗಳಾವುವು? ಹುಡುಗಿಯೊಬ್ಬಳು ಮೂರು ಸಲ ಬಿಡಿಸಿ, ಮೂರು ಸಲವೂ ಶೋಧಕ 516 ಎಂದು ಬಂದು, ತನಗೆ ಗಣಿತ ಬಾರದೆಂದು ಕಣ್ಣೀರಿಡುತ್ತಿರಬಹುದು. ತಪ್ಪು ಅವಳದಲ್ಲ.

ಅದನ್ನು ತೋರಿಸುವ ಬಗೆ ಸರಳವಾಗಿದೆ. ಯಾವುದೇ ಬೆಸ ಸಂಖ್ಯೆಯ ವರ್ಗವನ್ನು 8ರಿಂದ ಭಾಗಿಸಿದರೆ ಶೇಷ 1. 9, 25, 49, 81 ಎಲ್ಲವನ್ನೂ ಭಾಗಿಸಿ ನೋಡಬಹುದು. ಆದುದರಿಂದ ಅಂತಹ ಎರಡು ವರ್ಗಗಳ ಮೊತ್ತಕ್ಕೆ ಶೇಷ 2 ಬರಲೇಬೇಕು. 260ಕ್ಕೆ ಬರುವ ಶೇಷ 4. ಅಂದಮೇಲೆ ಅನುಕ್ರಮವಾಗಿರಲಿ, ಇಲ್ಲದಿರಲಿ, ಯಾವ ಎರಡು ಬೆಸ ಸಂಖ್ಯೆಗಳಿಂದಲೂ 260 ಹುಟ್ಟಲಾರದು. ತ್ರಿಭುಜದ ಲೆಕ್ಕದಲ್ಲಿ 1 ಎಂಬುದು ಒರಟಾಗಿತ್ತು, ಅಷ್ಟೆ. ಇಲ್ಲಿ 260 ಅಸಾಧ್ಯವೇ ಆಗಿದೆ. ಪ್ರಶ್ನೆ ತಪ್ಪಾಗಿದೆ ಎಂದು ಧೈರ್ಯವಾಗಿ ಹೇಳಲು ಇಂತಹ ಆಧಾರವಿರಬೇಕು. ಉತ್ತರ ಬರಲಿಲ್ಲವೆಂಬ ಒಂದೇ ಕಾರಣ ಸಾಲದು.

ಸರಿಯಾದ ಅಂಕಿ ಯಾವುದು? ಅಚ್ಚಿನಲ್ಲಿ ಒಂದು ಅಂಕಿ ಮಾತ್ರ ಬದಲಾಗಿದೆಯೆಂದು ಇಟ್ಟುಕೊಳ್ಳೋಣ. ಅನುಕ್ರಮ ಬೆಸ ಸಂಖ್ಯೆಗಳೆರಡರ ನಡುವಿನ ಸಮ ಸಂಖ್ಯೆಯನ್ನು m ಎಂದರೆ ಮೊತ್ತವು 2m² + 2. m ಗೆ 8, 10, 12, 14 ಎಂದು ಕೊಡುತ್ತ ಹೋದರೆ 130, 202, 290, 394 ಎಂದು ಬರುತ್ತದೆ. 260ರಲ್ಲಿ ಒಂದೇ ಅಂಕಿಯನ್ನು ಬದಲಿಸಿ ಮುಟ್ಟಬಹುದಾದುದು 290 ಮಾತ್ರ. ಸಂಖ್ಯೆಗಳು 11 ಮತ್ತು 13. 9ರ ಬದಲು 6 ಬಿದ್ದಿದೆ. ಮೊಳೆ ಜೋಡಿಸುತ್ತಿದ್ದ ಕಾಲದಲ್ಲಿ 9ರ ಮೊಳೆ ತಲೆಕೆಳಗಾದರೆ 6 ಆಗುತ್ತಿತ್ತು. ಇಂದು ಬೆರಳು ತಪ್ಪಿದರೂ ಅದೇ ಫಲ. ಪುಸ್ತಕದ ಹಿಂದಿನ ಉತ್ತರಮಾಲೆಯಲ್ಲಿ 11, 13 ಎಂದಿದ್ದರೆ ಸಂದೇಹ ಪೂರ್ತಿ ಕಳೆಯಿತು. ಉತ್ತರಮಾಲೆಯಲ್ಲಿಯೂ ತಪ್ಪಿರಬಹುದಾದುದರಿಂದ, ಅದನ್ನು ಸಾಕ್ಷಿಯೆಂದು ಕರೆಯಬೇಕೇ ಹೊರತು ನ್ಯಾಯಾಧೀಶನೆಂದು ಕೂರಿಸಬಾರದು. ಹುಡುಗಿಗೆ ಎರಡನ್ನೂ ಕಳುಹಿಸಬೇಕು: 260 ಏಕೆ ಆಗದು ಎಂಬುದು ಮೊದಲು, 290 ಎಂದು ತಿದ್ದಿ ಬಿಡಿಸಿದ ಲೆಕ್ಕ ಅನಂತರ.

ಮೂರನೆಯದು ಎಲ್ಲಕ್ಕಿಂತ ಮೋಸದ್ದು. ಚಿತ್ರದಲ್ಲಿ ಹುಡುಗನ ಕೈಬರಹ: 1/2(x + 3) = 4. ಕರಿಹಲಗೆಯ ಮೇಲೆ ಅಡ್ಡಗೆರೆ ಎಳೆದು ಬರೆದಿದ್ದ ಭಿನ್ನರಾಶಿಯನ್ನು ಅವನು ಒಂದೇ ಸಾಲಿಗೆ ಇಳಿಸಿಕೊಂಡಿದ್ದಾನೆ. ಆವರಣವು ಅರ್ಧದೊಡನೆ ಗುಣಿಸಿದ್ದಾದರೆ x = 5. ಆವರಣವು ಗೆರೆಯ ಕೆಳಗೆ ಇದ್ದದ್ದಾದರೆ x + 3 = 1/8; ಆಗ x = −23/8. ಎರಡೂ ಸಾಧ್ಯ, ಎರಡನ್ನೂ ತಾಳೆ ನೋಡಬಹುದು. 2019ರಲ್ಲಿ 8÷2(2+2) ಎಂಬ ಪುಟ್ಟ ಲೆಕ್ಕವು ಅಂತರ್ಜಾಲದಲ್ಲಿ ಹಬ್ಬಿ, 16 ಎನ್ನುವವರಿಗೂ 1 ಎನ್ನುವವರಿಗೂ ವಾಗ್ವಾದ ನಡೆದದ್ದು ಇದೇ ಕಾರಣದಿಂದ. ಜಗಳವಿದ್ದದ್ದು ಗಣಿತದಲ್ಲಲ್ಲ, ಬರವಣಿಗೆಯಲ್ಲಿ.

ಇಲ್ಲಿ 5 ಎಂಬುದು ಅಂದವಾಗಿದೆಯೆಂದು ಅದನ್ನೇ ಆರಿಸಿದರೆ, ಭಿನ್ನರಾಶಿಯ ಸಮೀಕರಣಗಳ ಪಾಠವನ್ನೇ ಅಭ್ಯಾಸಮಾಡುತ್ತಿರುವ ಹುಡುಗನಿಗೆ ಮೋಸವಾದೀತು. ಆದ್ದರಿಂದ ಉಪಾಧ್ಯಾಯರು ಬಿಡಿಸುವ ಮೊದಲೇ ಒಂದು ಪ್ರಶ್ನೆ ಕೇಳಬೇಕು: "ಹಲಗೆಯ ಮೇಲೆ ಆವರಣ ಗೆರೆಯ ಕೆಳಗಿತ್ತೊ, ಪಕ್ಕದಲ್ಲಿತ್ತೊ?" ಹೀಗೆ ಕೇಳಿದರೆ ಹುಡುಗನು ನೆನಪುಮಾಡಿಕೊಂಡು ಹೇಳಬಲ್ಲನು. "ಪ್ರಶ್ನೆ ಸರಿಯಾಗಿದೆಯೆ?" ಎಂದು ಮಾತ್ರ ಕೇಳಿದರೆ "ಹೌದು ಸಾರ್" ಎಂಬ ಉತ್ತರವೇ ಬರುವುದು. ಅವನಿಗೂ ನೆನಪಿಲ್ಲದಿದ್ದರೆ ಎರಡು ಓದುಗಳನ್ನೂ ಬೇರೆಬೇರೆಯಾಗಿ, ಅಡ್ಡಗೆರೆ ಎಳೆದು ಬರೆದು, ಎರಡಕ್ಕೂ ಉತ್ತರ ಕೊಡಬೇಕು. ಬೆಳಗ್ಗೆ ಗೆಳೆಯನ ಪುಸ್ತಕವನ್ನು ನೋಡಿದೊಡನೆ ತನ್ನದು ಯಾವುದೆಂದು ಅವನೇ ಗುರುತಿಸಿಕೊಳ್ಳುತ್ತಾನೆ.