ನಿಂತಲ್ಲೇ ಸವೆಯುವ ಬ್ಯಾಟರಿ

2012ರ ಬೇಸಿಗೆಯಲ್ಲಿ ಅಮೆರಿಕದ ಅರಿಜೋನಾ ರಾಜ್ಯದ ಫೀನಿಕ್ಸ್‌ನಲ್ಲಿ ನಿಸಾನ್ ಲೀಫ್ ಕಾರುಗಳ ಡ್ಯಾಶ್‌ಬೋರ್ಡಿನಿಂದ ಒಂದೊಂದೇ ಗೆರೆ ಮಾಯವಾಗತೊಡಗಿತು. ಆ ಕಾರಿನಲ್ಲಿ ಚಾರ್ಜ್ ಎಷ್ಟಿದೆ ಎಂದು ತೋರಿಸುವ ಗೆರೆಗಳ ಪಕ್ಕದಲ್ಲೇ ಇನ್ನೂ ಹನ್ನೆರಡು ಸಣ್ಣ ಗೆರೆಗಳಿವೆ. ಅವು ತೋರಿಸುವುದು ಬ್ಯಾಟರಿಯ ಆರೋಗ್ಯವನ್ನು. ರಾತ್ರಿಯಿಡೀ ಚಾರ್ಜ್ ಮಾಡಿದರೂ ಹೋದ ಗೆರೆ ಮರಳಿ ಬರುವುದಿಲ್ಲ. ಲೀಫ್ ಅಮೆರಿಕದಲ್ಲಿ ಮಾರಾಟಕ್ಕೆ ಬಂದದ್ದು 2010ರ ಡಿಸೆಂಬರ್‌ನಲ್ಲಿ. ಅಂದರೆ ಕಾರುಗಳಿಗೆ ಆಗಿನ್ನೂ ಎರಡು ವರ್ಷವೂ ತುಂಬಿರಲಿಲ್ಲ.

ಒಂದು ಗೆರೆ ಹೋದರೆ ಹನ್ನೆರಡರಲ್ಲಿ ಒಂದು ಪಾಲು, ಸುಮಾರು ಶೇ. 8 ಹೋಯಿತು ಎಂದು ಯಾರಾದರೂ ಅಂದುಕೊಳ್ಳುತ್ತಾರೆ. ಲೆಕ್ಕ ಹಾಗಿರಲಿಲ್ಲ. ಮೊದಲ ಗೆರೆ ಅಳಿಯುವ ಹೊತ್ತಿಗೆ ಸಾಮರ್ಥ್ಯದಲ್ಲಿ ಶೇ. 15ರಷ್ಟು ಕಳೆದುಹೋಗಿರುತ್ತಿತ್ತು. ಆಮೇಲಿನ ಒಂದೊಂದು ಗೆರೆಗೂ ಶೇ. 6ಕ್ಕೆ ತುಸು ಮೇಲೆ. ಹೊಸ ಕಾರು ಬಹುಕಾಲ ಹೊಸದಾಗಿಯೇ ಕಾಣಲಿ ಎಂಬಂತಿದ್ದ ಈ ಏರ್ಪಾಡು ನನಗೆ ಅಷ್ಟೇನೂ ನೇರವಾದ ವ್ಯವಹಾರವಾಗಿ ಕಾಣುವುದಿಲ್ಲ.

ಹಾಗಾದರೆ ಬ್ಯಾಟರಿಯ ಆರೋಗ್ಯ ಎಂದರೇನು? ತುಂಗಭದ್ರಾ ಅಣೆಕಟ್ಟನ್ನು ನೆನಪಿಸಿಕೊಳ್ಳಿ. ಕಟ್ಟಿದಾಗ ಅದರಲ್ಲಿ 133 ಟಿಎಂಸಿ ಅಡಿ ನೀರು ಹಿಡಿಯುತ್ತಿತ್ತು. ಹೂಳು ತುಂಬಿ ಈಗ ಹಿಡಿಯುವುದು 105 ಟಿಎಂಸಿ ಚಿಲ್ಲರೆ. ಇಂದು ‘ಜಲಾಶಯ ಭರ್ತಿ’ ಎಂದರೆ ಆ 105 ತುಂಬಿತು ಎಂದರ್ಥವೇ ಹೊರತು 133 ಅಲ್ಲ. ಕಾರಿನ ಪರದೆಯ ಮೇಲೆ ದಿನವೂ ಕಾಣುವ ಶೇಕಡಾವಾರು ಚಾರ್ಜ್ ಎಂದರೆ ಇಂದಿನ ನೀರಿನ ಮಟ್ಟ. ಸ್ಟೇಟ್ ಆಫ್ ಹೆಲ್ತ್, ಅಂದರೆ ಎಸ್‌ಒಎಚ್, ಹೇಳುವುದು ಜಲಾಶಯವೇ ಎಷ್ಟು ಉಳಿದಿದೆ ಎಂಬುದನ್ನು. ತುಂಗಭದ್ರೆಯದು ಈ ಲೆಕ್ಕದಲ್ಲಿ ಸುಮಾರು ಶೇ. 79.

ಸೆಲ್ಲಿನೊಳಗೆ ಕಳೆದುಹೋಗುವುದು ಲಿಥಿಯಂ. ಚಾರ್ಜ್ ಮಾಡುವಾಗ ಲಿಥಿಯಂ ಅಯಾನುಗಳು ದ್ರಾವಣದ ಮೂಲಕ ಸಾಗಿ ಗ್ರಾಫೈಟ್‌ನ ಪದರಗಳ ನಡುವೆ ಸೇರಿಕೊಳ್ಳುತ್ತವೆ. ಕಾರು ಓಡುವಾಗ ಹಿಂದಿರುಗುತ್ತವೆ. ಗ್ರಾಫೈಟ್‌ಗೆ ಅಂಟಿಕೊಂಡ ದ್ರಾವಣ ಕಾರ್ಖಾನೆಯಲ್ಲಿ ಮೊದಲ ಸಲ ಚಾರ್ಜ್ ಮಾಡಿದಾಗಲೇ ಸ್ವಲ್ಪ ಒಡೆದು, ಅದರ ಮೇಲೆ ತೀರಾ ತೆಳುವಾದ ಪೊರೆಯೊಂದು ಕಟ್ಟುತ್ತದೆ. ಈ ಪೊರೆ ಬೇಕೇ ಬೇಕು. ಅದಿಲ್ಲದಿದ್ದರೆ ದ್ರಾವಣ ಒಡೆಯುತ್ತಲೇ ಹೋಗಿ ಸೆಲ್ ಕೆಲವೇ ದಿನಗಳಲ್ಲಿ ಕೆಡುತ್ತದೆ. ಆದರೆ ಪೊರೆ ಕಟ್ಟುವುದಕ್ಕೆ ಲಿಥಿಯಂ ಖರ್ಚಾಗುತ್ತದೆ. ಪೊರೆಯಲ್ಲಿ ಸಿಕ್ಕಿಕೊಂಡ ಲಿಥಿಯಂ ಮತ್ತೆ ಓಡಾಟಕ್ಕೆ ಸಿಗುವುದಿಲ್ಲ.

ಈ ಪೊರೆ ದಪ್ಪವಾಗಲು ಎರಡು ದಾರಿಗಳಿವೆ. ಮೊದಲನೆಯದು ಬಳಕೆ. ಪೂರ್ತಿ ಚಾರ್ಜ್ ಆದಾಗ ಗ್ರಾಫೈಟ್ ಸುಮಾರು ಶೇ. 10ರಷ್ಟು ಉಬ್ಬುತ್ತದೆ, ಖಾಲಿಯಾದಾಗ ಕುಗ್ಗುತ್ತದೆ. ಉಬ್ಬಿ ಕುಗ್ಗಿ ಪೊರೆಯಲ್ಲಿ ಬಿರುಕು ಬೀಳುತ್ತದೆ. ಬಿರುಕಿನಲ್ಲಿ ಹೊಸ ಪೊರೆ ಕಟ್ಟುತ್ತದೆ, ಮತ್ತಷ್ಟು ಲಿಥಿಯಂ ಹೋಗುತ್ತದೆ. ಸೈಕಲ್ ಎಂದು ಎಣಿಸುವುದು ಇದನ್ನೇ. ಪ್ಲಗ್ ಹಾಕಿದ ಸಲವೆಲ್ಲ ಒಂದು ಸೈಕಲ್ ಅಲ್ಲ. ಅರ್ಧ ಖಾಲಿಯಾದ ಬ್ಯಾಟರಿಯನ್ನು ಎರಡು ಸಲ ತುಂಬಿಸಿದರೆ ಒಂದು ಸೈಕಲ್.

ಎರಡನೆಯ ದಾರಿ ಬರೀ ಕಾಲ. ಕಾರನ್ನು ಓಡಿಸದೆ ನಿಲ್ಲಿಸಿದ್ದರೂ ಪೊರೆ ನಿಧಾನವಾಗಿ ದಪ್ಪವಾಗುತ್ತಲೇ ಇರುತ್ತದೆ. ಇದು ರಾಸಾಯನಿಕ ಕ್ರಿಯೆಯಾದ್ದರಿಂದ ಶಾಖ ಹೆಚ್ಚಿದಷ್ಟೂ ಚುರುಕಾಗುತ್ತದೆ. ಪ್ರತಿ 10 ಡಿಗ್ರಿಗೆ ವೇಗ ಹೆಚ್ಚುಕಡಿಮೆ ದುಪ್ಪಟ್ಟು ಎಂಬುದು ಒರಟು ಲೆಕ್ಕ. ಬ್ಯಾಟರಿ ತುಂಬಿದ್ದರೆ ಇನ್ನೂ ಬೇಗ. ಏಕೆಂದರೆ ಆಗ ಗ್ರಾಫೈಟ್ ತುಂಬ ಲಿಥಿಯಂ ಇದ್ದು, ದ್ರಾವಣವನ್ನು ಒಡೆಯುವ ಅದರ ಗುಣವೂ ಹೆಚ್ಚಿರುತ್ತದೆ.

ಈಗ ಫೀನಿಕ್ಸ್‌ಗೆ ಮರಳಿದರೆ ಲೆಕ್ಕ ತಾನಾಗಿ ಬಿಡಿಸಿಕೊಳ್ಳುತ್ತದೆ. ಆ ಲೀಫ್‌ನ ಬ್ಯಾಟರಿ 24 ಯುನಿಟ್‌ನದು. ಒಂದು ಚಾರ್ಜ್‌ಗೆ ಅಮೆರಿಕ ಸರ್ಕಾರದ ಅಳತೆಯಂತೆ 73 ಮೈಲಿ, ಅಂದರೆ 117 ಕಿಲೋಮೀಟರ್. ಕಾರು 20,000 ಕಿಲೋಮೀಟರ್ ಓಡಿದೆ ಎಂದುಕೊಂಡರೂ ಆಗಿರುವುದು ಸುಮಾರು 170 ಸೈಕಲ್. ಇಂಥ ಸೆಲ್‌ಗಳು ಸಾವಿರದಷ್ಟು ಸೈಕಲ್ ತಾಳಬೇಕು. ಹಾಗಾಗಿ ಗೆರೆ ಅಳಿಸಿದ್ದು ಓಡಾಟ ಎನ್ನಲಾಗದು. ಫೀನಿಕ್ಸ್‌ನ ಬೇಸಿಗೆಯಲ್ಲಿ ಹಗಲು 40 ಡಿಗ್ರಿ ದಾಟುತ್ತದೆ, ರಾತ್ರಿಯೂ 30ರ ಆಸುಪಾಸಿನಲ್ಲಿರುತ್ತದೆ. ಲೀಫ್‌ನ ಬ್ಯಾಟರಿ ಪೆಟ್ಟಿಗೆಗೆ ತಂಪು ಮಾಡುವ ದ್ರವದ ಕೊಳವೆಯಾಗಲಿ ಫ್ಯಾನ್ ಆಗಲಿ ಇರಲಿಲ್ಲ. ಸುಮಾರು 300 ಕಿಲೋ ತೂಕದ ಮುಚ್ಚಿದ ಪೆಟ್ಟಿಗೆ ಹಗಲು ಕಾದರೆ ರಾತ್ರಿಯೊಳಗೆ ಆರುತ್ತಿರಲಿಲ್ಲ. ತಂಪು ಹವೆಯ ಸಿಯಾಟಲ್‌ನಲ್ಲಿ ಇದೇ ಕಾರಿನ ಗೆರೆಗಳು ಬಹುಕಾಲ ನಿಂತವು.

ಮಾಲೀಕರು ಕೋರ್ಟಿಗೆ ಹೋದರು. ನಿಸಾನ್ ಕೆಲವು ಕಾರುಗಳನ್ನು ಮರಳಿ ಕೊಂಡಿತು. ಐದು ವರ್ಷ ಅಥವಾ 60,000 ಮೈಲಿಯೊಳಗೆ ಗೆರೆಗಳು ಒಂಬತ್ತಕ್ಕಿಂತ ಕೆಳಗಿಳಿದರೆ ಬ್ಯಾಟರಿಯ ಹೊಣೆ ತನ್ನದು ಎಂದು 2013ರಲ್ಲಿ ವಾರಂಟಿಗೆ ಸೇರಿಸಿತು. ಆಮೇಲೆ ಶಾಖ ತಾಳುವಂತೆ ಸೆಲ್‌ನ ರಸಾಯನವನ್ನೂ ಬದಲಿಸಿತು.

ಈಗ ನಮ್ಮಲ್ಲಿ ಮಾರಾಟವಾಗುವ ಅನೇಕ ಕಾರುಗಳಲ್ಲಿ ದ್ರವದಿಂದ ತಂಪಾಗುವ ಬ್ಯಾಟರಿಗಳಿವೆ. ಲಿಥಿಯಂ ಐರನ್ ಫಾಸ್ಫೇಟ್, ಅಂದರೆ ಎಲ್‌ಎಫ್‌ಪಿ ಸೆಲ್‌ಗಳೂ ಸಾಮಾನ್ಯ. ಎಲ್‌ಎಫ್‌ಪಿಗೆ ಬಿಸಿಲು ತಾಕುವುದೇ ಇಲ್ಲ ಎಂದು ಶೋರೂಮಿನಲ್ಲಿ ಹೇಳಿದರೆ ಅರ್ಧವನ್ನಷ್ಟೇ ನಂಬಿ. ಬೆಂಕಿಯ ಭಯ ಕಡಿಮೆ, ಸೈಕಲ್‌ಗಳೂ ಹೆಚ್ಚು, ನಿಜ. ಆದರೆ ಅದರ ಇನ್ನೊಂದು ತುದಿಯಲ್ಲೂ ಇರುವುದು ಅದೇ ಗ್ರಾಫೈಟ್, ಅದೇ ಪೊರೆ. ಮೇಲಾಗಿ ಕಾರು ನಿಲ್ಲಿಸಿ ಬೀಗ ಹಾಕಿದ ಮೇಲೆ ತಂಪು ವ್ಯವಸ್ಥೆ ಬಹುಪಾಲು ಹೊತ್ತು ಸುಮ್ಮನಿರುತ್ತದೆ. ಕಲಬುರಗಿ, ರಾಯಚೂರಿನ ಏಪ್ರಿಲ್‌ನಲ್ಲಿ ಪೂರ್ತಿ ತುಂಬಿಸಿದ ಕಾರನ್ನು ವಾರಗಟ್ಟಲೆ ಬಯಲಲ್ಲಿ ನಿಲ್ಲಿಸಿ ಊರಿಗೆ ಹೋಗುವುದು ಯಾವ ಸೆಲ್‌ಗೂ ಒಳ್ಳೆಯದಲ್ಲ. ಅರ್ಧ ಚಾರ್ಜ್ ಬಿಟ್ಟು ನೆರಳಲ್ಲಿ ನಿಲ್ಲಿಸಿದರೆ ಸಾಕು.

ಎಸ್‌ಒಎಚ್ ಯಾವುದೇ ಮೀಟರ್ ನೇರವಾಗಿ ಅಳೆಯುವ ಸಂಖ್ಯೆಯಲ್ಲ. ಒಳಗೆ ಹೋದ ಮತ್ತು ಹೊರಗೆ ಬಂದ ಕರೆಂಟನ್ನು ಕೂಡಿ ಕಳೆದು, ವೋಲ್ಟೇಜ್ ನೋಡಿ, ಕಾರಿನ ಕಂಪ್ಯೂಟರ್ ಕಟ್ಟುವ ಅಂದಾಜು ಅದು. ಎಲ್‌ಎಫ್‌ಪಿ ಸೆಲ್‌ನ ವೋಲ್ಟೇಜ್ ಚಾರ್ಜ್‌ನ ಬಹುಭಾಗ ಒಂದೇ ಮಟ್ಟದಲ್ಲಿರುವುದರಿಂದ ಅಂದಾಜು ತಪ್ಪುವುದೂ ಸುಲಭ. ಆಗಾಗ ಪೂರ್ತಿ ಚಾರ್ಜ್ ಮಾಡಿ ಎಂದು ಕಂಪನಿಗಳು ಹೇಳುವುದು ಅದಕ್ಕೇ.

ಹಳೆಯ ಕಾರು ಕೊಳ್ಳುವವರು ತಾವೇ ಒರೆಹಚ್ಚಿ ನೋಡಬಹುದು. ಬ್ಯಾಟರಿ ಹೊಸದಿದ್ದಾಗ ಬಳಕೆಗೆ ಸಿಗುತ್ತಿದ್ದದ್ದು 30 ಯುನಿಟ್ ಎಂದಿಟ್ಟುಕೊಳ್ಳಿ. ಶೇ. 20ರಿಂದ 90ರವರೆಗೆ ಮನೆಯ ಚಾರ್ಜರಿನಲ್ಲಿ ತುಂಬಿಸಿ, ಬೇರೆ ಮೀಟರ್ ಇಟ್ಟು ನೋಡಿದರೆ 21 ಯುನಿಟ್ ಸುಟ್ಟಿದೆ. ಚಾರ್ಜರಿನಲ್ಲೇ ಸುಮಾರು ಹತ್ತನೇ ಒಂದು ಪಾಲು ಶಾಖವಾಗಿ ಹೋಗುತ್ತದೆ, ಉಳಿದದ್ದು 18.9. ಇದು ಬ್ಯಾಟರಿಯ ಶೇ. 70 ಭಾಗ, ಹಾಗಾಗಿ ಪೂರ್ತಿ 27 ಯುನಿಟ್. 30ರಲ್ಲಿ 27 ಎಂದರೆ ಎಸ್‌ಒಎಚ್ ಶೇ. 90. ಒಂದೆರಡು ಅಂಕ ಆಚೀಚೆ ಆಗಬಹುದು. ಆದರೆ ಮಾರುವವರು ಶೇ. 98 ಎಂದು ತೋರಿಸುತ್ತಿದ್ದು ನಿಮ್ಮ ಲೆಕ್ಕಕ್ಕೆ 80 ಬಂದರೆ ಮಾತು ಮುಂದುವರಿಸುವ ಮುನ್ನ ಸರ್ವಿಸ್ ಸೆಂಟರಿನಲ್ಲಿ ಪರೀಕ್ಷೆ ಮಾಡಿಸಿ. ವಾರಂಟಿ ಪುಸ್ತಕದಲ್ಲಿ ವರ್ಷ ಮತ್ತು ಕಿಲೋಮೀಟರ್ ಮಾತ್ರ ನೋಡಿ ಮುಚ್ಚಬೇಡಿ. ಎಸ್‌ಒಎಚ್ ಎಷ್ಟಕ್ಕಿಳಿದರೆ ಬ್ಯಾಟರಿ ಬದಲಿಸಿ ಕೊಡುತ್ತಾರೆ, ಅದನ್ನು ಅಳೆಯುವವರು ಯಾರು ಎಂಬ ಸಾಲನ್ನು ಹುಡುಕಿ ಓದಿ, ಆಮೇಲೆ ಸಹಿ ಹಾಕಿ.