ಅರವತ್ನಾಲ್ಕು ಚಿತ್ರಗಳ ಒಂದು ಸ್ಫೋಟ

ವಿಡಿಯೊ ಗೇಮ್‌ನಲ್ಲಿ ಪೆಟ್ರೋಲ್ ಟ್ಯಾಂಕರ್ ಸಿಡಿದಾಗ ಕಾಣುವ ಬೆಂಕಿಯುಂಡೆ ಬಹಳಷ್ಟು ಸಲ ಬರೀ ಒಂದು ಚಪ್ಪಟೆ ಚೌಕ. ಆಡುವವರು ಎತ್ತ ತಿರುಗಿದರೂ ಅದು ಅವರ ಕಡೆಗೇ ಮುಖ ಮಾಡಿ ನಿಲ್ಲುತ್ತದೆ. ಮೇಲಿನ ಚಿತ್ರ ಮಾತ್ರ ಸರಸರನೆ ಬದಲಾಗುತ್ತದೆ. ಬೆಂಕಿ ಹೇಗೆ ಉಬ್ಬಬೇಕು, ಹೊಗೆ ಹೇಗೆ ಸುರುಳಿಯಾಗಬೇಕು ಎಂಬ ಭಾರೀ ಲೆಕ್ಕವನ್ನು ಕಲಾವಿದರು ಹೂಡಿನಿಯಂಥ ತಂತ್ರಾಂಶದಲ್ಲಿ ಮೊದಲೇ ಮುಗಿಸಿ, ಚಿತ್ರಗಳನ್ನಷ್ಟೇ ಆಟಕ್ಕೆ ಕೊಟ್ಟಿರುತ್ತಾರೆ. ಹೆಬ್ಬೆರಳಿನಿಂದ ಪುಟ ಬಿಡುತ್ತಾ ನೋಡುವ ಚಿತ್ರಪುಸ್ತಕಕ್ಕೆ ಬರ್ಮಿಂಗ್‌ಹ್ಯಾಮ್‌ನ ಜಾನ್ ಬಾರ್ನ್ಸ್ ಲಿನೆಟ್ 1868ರಲ್ಲೇ ಪೇಟೆಂಟ್ ಪಡೆದಿದ್ದ. ಇದಕ್ಕೂ ಅದೇ ಹೆಸರು: ಫ್ಲಿಪ್‌ಬುಕ್.

ಇಲ್ಲಿ ಪುಟಗಳು ಬೇರೆಬೇರೆಯಾಗಿರುವುದಿಲ್ಲ. 2048 ಪಿಕ್ಸೆಲ್ ಅಗಲ, ಅಷ್ಟೇ ಎತ್ತರದ ಒಂದೇ ಹಾಳೆಯನ್ನು ಚದುರಂಗದ ಮಣೆಯಂತೆ ಎಂಟಕ್ಕೆಂಟು ಮನೆ ಮಾಡಿ, ಮನೆಗೊಂದರಂತೆ 64 ಚಿತ್ರಗಳನ್ನು ಕೂರಿಸುತ್ತಾರೆ. ಇದು ಸ್ಪ್ರೈಟ್ ಶೀಟ್. ಈ ಹೊತ್ತಿಗೆ ಯಾವ ಮನೆ ತೋರಿಸಬೇಕು ಎಂದು ನಿರ್ಧರಿಸುವುದು ಶೇಡರ್, ಅಂದರೆ ಪ್ರತಿ ಪಿಕ್ಸೆಲ್ಲಿನ ಬಣ್ಣ ಹೇಳಲು ಗ್ರಾಫಿಕ್ಸ್ ಕಾರ್ಡಿನಲ್ಲಿ ಓಡುವ ಪುಟ್ಟ ಪ್ರೋಗ್ರಾಂ.

ಸ್ಫೋಟ ಎರಡು ಸೆಕೆಂಡಿನದು ಎನ್ನೋಣ. ಸೆಕೆಂಡಿಗೆ 32 ಚಿತ್ರ. ಸಿಡಿದು 0.7 ಸೆಕೆಂಡಾದಾಗ ಲೆಕ್ಕ 22.4ಕ್ಕೆ ಬರುತ್ತದೆ. ಸೊನ್ನೆಯಿಂದ ಎಣಿಸಿದರೆ 22ನೇ ಚಿತ್ರ: ಎಂಟರಿಂದ ಭಾಗಿಸಿದರೆ ಭಾಗಲಬ್ಧ 2, ಶೇಷ 6. ಸಾಲು 2, ಕಂಬ 6. ಉಳಿದ 0.4 ಅನ್ನು ಬಿಸಾಡಿದರೆ ಚಿತ್ರಗಳು ಟಕಟಕ ಬದಲಾಗುತ್ತವೆ. ಮಾಮೂಲಿ ವೇಗದಲ್ಲಿ ಇದು ಅಷ್ಟಾಗಿ ಕಣ್ಣಿಗೆ ಬೀಳದು. ಆಟ ನಾಲ್ಕು ಪಟ್ಟು ನಿಧಾನವಾದರೆ ಸೆಕೆಂಡಿಗೆ ಎಂಟೇ ಚಿತ್ರ, ಆಗ ಬೆಂಕಿ ಕುಂಟುತ್ತದೆ. ಚಿತ್ರಗಳನ್ನು 128ಕ್ಕೆ ಏರಿಸೋಣವೆಂದರೆ ಮೆಮೊರಿಯೂ ದುಪ್ಪಟ್ಟು. ಅದಕ್ಕೇ ಆ 0.4 ಅನ್ನು ಇಟ್ಟುಕೊಂಡು, 22ನೇ ಚಿತ್ರದಿಂದ ಆರು ಪಾಲು, 23ನೆಯದರಿಂದ ನಾಲ್ಕು ಪಾಲು ಬೆರೆಸುತ್ತಾರೆ:

```
float f = min(time * 32.0, 63.0);
float a = floor(f);
float b = min(a + 1.0, 63.0);
color = mix(frame(a), frame(b), f - a);
```

ಇಲ್ಲಿ `frame` ಎಂದರೆ ಆ ಸಂಖ್ಯೆಯ ಮನೆಯಿಂದ ಬಣ್ಣ ಓದಿ ತರುವ ಕೆಲಸ. ಒಂದು ಓದಿನ ಬದಲು ಎರಡು ಓದು, ಹೆಚ್ಚುವರಿ ಖರ್ಚು ಇಷ್ಟೇ.

ಆದರೆ ಬೆರಕೆ ಬೇರೆ, ಚಲನೆ ಬೇರೆ. ಹೊಗೆಗೆ ಅಂಚೇ ಮಸುಕು, ಹಾಗಾಗಿ ಈ ಮೋಸ ನಡೆದುಹೋಗುತ್ತದೆ. ಕಿಡಿಯ ವಿಷಯದಲ್ಲಿ ನಡೆಯುವುದಿಲ್ಲ. ಒಂದು ಚಿತ್ರದಲ್ಲಿ ಇಲ್ಲಿದ್ದು ಮುಂದಿನದರಲ್ಲಿ ಹತ್ತು ಪಿಕ್ಸೆಲ್ ಆಚೆ ಹಾರಿದ ಕಿಡಿ, ಬೆರೆಸಿದಾಗ ನಡುದಾರಿಯಲ್ಲಿ ಕಾಣುವುದಿಲ್ಲ. ಎರಡು ಕಡೆಯೂ ಅರೆಬರೆ ಮಿಣುಕುತ್ತದೆ, ಒಂದು ಆರುತ್ತಾ, ಇನ್ನೊಂದು ಹೊತ್ತುತ್ತಾ. ಇದಕ್ಕೆ ಮದ್ದು ಮೋಷನ್ ವೆಕ್ಟರ್ ಎಂಬ ಎರಡನೇ ಹಾಳೆ. ಪ್ರತಿ ಬಿಂದು ಮುಂದಿನ ಚಿತ್ರದಲ್ಲಿ ಎತ್ತ ಎಷ್ಟು ಸರಿಯುತ್ತದೆ ಎಂಬುದನ್ನು ಅದರ ಕೆಂಪು, ಹಸಿರು ಬಣ್ಣಗಳಲ್ಲಿ ಬರೆದಿರುತ್ತಾರೆ. ಶೇಡರ್ ಮೊದಲ ಚಿತ್ರವನ್ನು ದಾರಿಯ ಹತ್ತರಲ್ಲಿ ನಾಲ್ಕು ಪಾಲು ಮುಂದೆ ತಳ್ಳಿ, ಎರಡನೆಯದನ್ನು ಆರು ಪಾಲು ಹಿಂದಕ್ಕೆ ಎಳೆದು, ಆಮೇಲೆ ಬೆರೆಸುತ್ತದೆ. ಎರಡೂ ಕಿಡಿಗಳು ಹೆಚ್ಚುಕಡಿಮೆ ಒಂದೇ ಜಾಗದಲ್ಲಿ ಕೂಡುತ್ತವೆ. ಈ ಹಾಳೆಯಲ್ಲಿ 0.5 ಎಂದರೆ 'ಕದಲಬೇಡ'. ಅದನ್ನು ಮಾಮೂಲಿ ಬಣ್ಣದ ಚಿತ್ರವೆಂದು ಎಂಜಿನ್‌ಗೆ ಕೊಟ್ಟರೆ sRGB ಪರಿವರ್ತನೆಯಲ್ಲಿ 0.5 ಹೋಗಿ ಸುಮಾರು 0.21 ಆಗುತ್ತದೆ. ನಿಂತಿರಬೇಕಾದ ಹೊಗೆಯೂ ಓರೆಯಾಗಿ ಜಾರತೊಡಗಿದರೆ ಮೊದಲು ನೋಡಬೇಕಾದ್ದು ಇದನ್ನೇ.

ನನ್ನನ್ನು ಒಂದು ಸಂಜೆಯೆಲ್ಲ ಕಾಡಿದ್ದು ಇದಕ್ಕಿಂತ ಸಣ್ಣ ತಪ್ಪು. ಹೊಗೆ ಕರಗಿ ಮುಗಿಯಿತು ಎನ್ನುವಾಗ ಒಂದು ಕ್ಷಣ ಬೆಳಕು ಮಿಂಚುತ್ತಿತ್ತು. ಕೊನೆಯ 63ರ ಮುಂದಿನ ಚಿತ್ರ ಯಾವುದು ಎಂದು ಕೇಳಿದಾಗ ನನ್ನ ಶೇಡರ್ ಸುತ್ತಿ ಬಂದು ಸೊನ್ನೆಯನ್ನು ಕೊಡುತ್ತಿತ್ತು. ಸೊನ್ನೆಯೆಂದರೆ ಸ್ಫೋಟದ ಕಣ್ಣು ಕೋರೈಸುವ ಮೊದಲ ಕಿಡಿ! ಉರಿಯುತ್ತಲೇ ಇರುವ ದೀವಟಿಗೆಗೆ ಹೀಗೆ ಸುತ್ತುವುದೇ ಬೇಕು, ಸ್ಫೋಟಕ್ಕೆ ಬೇಡ. ಮೇಲಿನ ಕೋಡಿನ ಮೂರನೇ ಸಾಲಿನ `min` ಅಲ್ಲಿಗೆ ಬಂದದ್ದು ಹಾಗೆ.

ಆವತ್ತಿನಿಂದ ಬೆಂಕಿಯ ಹಾಳೆ ಹಾಕುವ ಮುನ್ನ, ಮನೆಮನೆಯಲ್ಲೂ 0ಯಿಂದ 63ರವರೆಗೆ ಅಂಕಿ ಬರೆದ ಒಂದು ಹಾಳೆ ಹಾಕಿ ಓಡಿಸುತ್ತೇನೆ. 56ರಿಂದ ಶುರುವಾದರೆ ಸಾಲುಗಳು ತಲೆಕೆಳಗಾಗಿವೆ: ಕೆಲವು ಎಂಜಿನ್‌ಗಳು ಎತ್ತರವನ್ನು ಕೆಳಗಿನಿಂದ ಅಳೆಯುತ್ತವೆ, ಕೆಲವು ಮೇಲಿನಿಂದ. ಅಂಕಿಯ ಅಂಚಿನಲ್ಲಿ ಪಕ್ಕದ ಮನೆಯ ಬಣ್ಣ ಇಣುಕಿದರೆ ಚಿತ್ರದ ಸುತ್ತ ಖಾಲಿ ಜಾಗ ಸಾಲದು ಎಂದರ್ಥ. ಎಲ್ಲ ಸರಿಯಿದ್ದರೆ 22 ಮಸುಕಾಗುತ್ತಾ 23 ಮೂಡುತ್ತದೆ, ಕೊನೆಯಲ್ಲಿ 63 ಒಂದೇ ನಿಲ್ಲುತ್ತದೆ, ಹಿಂದೆ ಯಾವ ಸೊನ್ನೆಯ ನೆರಳೂ ಇಲ್ಲದೆ.