ಮದರಂಗಿ ಮೊದಲು, ನೀಲಿ ಆಮೇಲೆ

ಕೂದಲು ಕಪ್ಪಾಗಲೆಂದು ಮದರಂಗಿ ಹಚ್ಚಿದರೆ ಕಿತ್ತಳೆ ಬಣ್ಣ ಬಂತು ಎಂಬ ದೂರನ್ನು ನಾವು ಆಗಾಗ ಕೇಳುತ್ತೇವೆ. ಇದರಲ್ಲಿ ಮದರಂಗಿಯ ತಪ್ಪೇನೂ ಇಲ್ಲ. ಅದರ ಎಲೆಯಲ್ಲಿರುವ ಲಾಸೋನ್ ಎಂಬ ಬಣ್ಣವೇ ಅಂಥದ್ದು. ಕರಿ ಕೂದಲ ಮೇಲೆ ಅದು ಅಷ್ಟಾಗಿ ಕಾಣದು, ನರೆಗೂದಲ ಮೇಲೆ ಎದ್ದು ಕಾಣುತ್ತದೆ. ಚಹಾದ ಕಷಾಯ ಬೆರೆಸಿ ಕಬ್ಬಿಣದ ಬಾಣಲೆಯಲ್ಲಿ ನೆನೆಸಿಟ್ಟರೆ ಕೆಂಪು ಕೊಂಚ ಗಾಢವಾದೀತು, ಕಪ್ಪಂತೂ ಆಗದು. ಕಪ್ಪು ಬೇಕಾದರೆ ಆ ಕೆಂಪಿನ ಮೇಲೆ ನೀಲಿ ಕೂಡಬೇಕು.

ಆ ನೀಲಿ ಕೊಡುವುದು ನಮ್ಮ ಮಲಯಾಳಿ ನೆರೆಯವರು ನೀಲಯಮರಿ ಎಂದೂ ತಮಿಳರು ಅವುರಿ ಎಂದೂ ಕರೆಯುವ ನೀಲಿ ಗಿಡ. ಹೆಸರು, ಅಲಸಂದೆಗಳ ಕುಟುಂಬದ್ದೇ ಆದ ಪುಟ್ಟ ಪೊದೆ. ಇದರ ಸೊಪ್ಪನ್ನು ಒಣಗಿಸಿ ಪುಡಿ ಮಾಡಿ ಮಾರುತ್ತಾರೆ. ಪುಡಿ ನೋಡಲು ಹಸಿರೇ. ಒದ್ದೆಯಾದೊಡನೆ ಎಲೆಯೊಳಗಿನ ಸತ್ವ ಬಿಡುಗಡೆಯಾಗಿ, ಗಾಳಿ ತಗಲಿ ನೀಲಿಯಾಗುತ್ತದೆ. ಪೂರ್ತಿ ನೀಲಿಯಾದ ಮೇಲೆ ಅದು ನೀರಿನಲ್ಲಿ ಕರಗದು, ಕೂದಲೊಳಗೂ ಇಳಿಯದು. ಆದ್ದರಿಂದ ನೀಲಿ ಬದಲಾಗುತ್ತಿರುವ ಹೊತ್ತಿನಲ್ಲೇ ತಲೆಗೆ ಹತ್ತಬೇಕು. ಮದರಂಗಿಯಂತೆ ಇದನ್ನೂ ರಾತ್ರಿಯೇ ನೆನೆಸಿಡುವವರು ಕೆಡುವುದು ಇಲ್ಲಿಯೇ.

ನಮಗೆ ಪರಿಚಯದ ಒಬ್ಬ ನಿವೃತ್ತ ಶಿಕ್ಷಕಿಯ ಕ್ರಮವನ್ನೇ ಹೇಳುತ್ತೇವೆ. ಅವರ ಕೂದಲು ಹೆಗಲವರೆಗಿದೆ, ಅರ್ಧಕ್ಕಿಂತ ಹೆಚ್ಚು ನರೆತಿದೆ. ಮೊದಲ ದಿನ ಎಣ್ಣೆ ಜಿಡ್ಡು ಹೋಗುವಂತೆ ತಲೆ ತೊಳೆದುಕೊಳ್ಳುತ್ತಾರೆ. ರಾತ್ರಿ 100 ಗ್ರಾಂ ಮದರಂಗಿ ಪುಡಿಯನ್ನು ಉಗುರುಬೆಚ್ಚಗಿನ ನೀರು ಮತ್ತು ಒಂದು ನಿಂಬೆಯ ರಸದಲ್ಲಿ ಮೊಸರಿನ ಹದಕ್ಕೆ ಕಲಸಿ ಮುಚ್ಚಿಡುತ್ತಾರೆ. ಬೆಳಿಗ್ಗೆ ಒಂದು ಚಿಟಿಕೆಯನ್ನು ಅಂಗೈಗೆ ಹಚ್ಚಿ ಐದು ನಿಮಿಷದಲ್ಲಿ ಕಿತ್ತಳೆ ಕಲೆ ಬಿದ್ದರೆ ಹದವಾಗಿದೆ ಎಂದರ್ಥ. ನರೆಗೂದಲಿನ ಬುಡಕ್ಕೆ, ಮುಖ್ಯವಾಗಿ ಕಪೋಲದ ಬದಿಗೆ, ದಪ್ಪವಾಗಿ ಹಚ್ಚಿ ಎರಡು ಮೂರು ಗಂಟೆ ಬಿಟ್ಟು, ಬರಿಯ ನೀರಿನಲ್ಲಿ ಚೆನ್ನಾಗಿ ತೊಳೆಯುತ್ತಾರೆ. ಆಗ ನರೆಯೆಲ್ಲಾ ಕಿತ್ತಳೆಯಾಗಿರುತ್ತದೆ. ಆ ಹೊತ್ತಿನಲ್ಲಿ ಕನ್ನಡಿ ನೋಡದಿರುವುದೇ ಲೇಸು ಎಂದು ಅವರೇ ನಗುತ್ತಾರೆ.

ಬಳಿಕ 150 ಗ್ರಾಂ ನೀಲಿ ಪುಡಿಗೆ ಅರ್ಧ ಚಮಚ ಉಪ್ಪು ಸೇರಿಸಿ, ಕೈ ತಡೆಯುವಷ್ಟು ಬಿಸಿಯ ನೀರಿನಲ್ಲಿ ಕಲಸುತ್ತಾರೆ. ಕುದಿವ ನೀರಾಗಲಿ, ನಿಂಬೆರಸವಾಗಲಿ ಇದಕ್ಕೆ ಬೇಡ. ಹತ್ತು ಹದಿನೈದು ನಿಮಿಷದಲ್ಲಿ ಮೇಲ್ಮೈ ನೀಲಿ ಛಾಯೆ ತಿರುಗುತ್ತದೆ. ಕೂಡಲೇ ಕೈಗವಸು ಹಾಕಿ ಹಚ್ಚಬೇಕು. ತಲೆ ಒಣಗದಂತೆ ಪ್ಲಾಸ್ಟಿಕ್ ಚೀಲದಿಂದ ಮುಚ್ಚಿ ಒಂದೂವರೆ ಗಂಟೆ ಕಾಯಬೇಕು. ಮತ್ತೆ ಬರಿಯ ನೀರು; ಶಾಂಪೂ, ಸಾಬೂನು, ಎಣ್ಣೆ ಎರಡು ದಿನ ಬೇಡ. ಅಂದು ಸಂಜೆ ಕೂದಲಲ್ಲಿ ಹಸಿರು ಛಾಯೆ ಕಂಡರೆ ಗಾಬರಿ ಬೇಡ. ಗಾಳಿಗೆ ಬಣ್ಣ ಬಲಿತು ಮಾರನೆಯ ದಿನವೋ ಮೂರನೆಯ ದಿನವೋ ಕಪ್ಪಾಗುತ್ತದೆ. ಮೂರನೆಯ ದಿನವೂ ಕೆಂಪು ಇಣುಕುತ್ತಿದ್ದರೆ ನೀಲಿಯನ್ನಷ್ಟೇ ಇನ್ನೊಮ್ಮೆ ಹಚ್ಚಿದರಾಯಿತು.

ಕಪ್ಪು ಬೇಡ, ಕಂದು ಸಾಕು ಎನ್ನುವವರಿಗೆ ಕೆಲಸ ಹಗುರ. ರಾತ್ರಿ ನೆನೆದ ಮದರಂಗಿಗೆ, ಹಚ್ಚುವ ಮುನ್ನ ಕಲಸಿದ ನೀಲಿಯನ್ನು ಬೆರೆಸಿ ಒಂದೇ ಸಲ ಎರಡು ಗಂಟೆ ಇಡಬಹುದು. ಸಮಪಾಲಾದರೆ ನಡು ಕಂದು, ನೀಲಿ ಎರಡು ಪಾಲಾದರೆ ಗಾಢ ಕಂದು. ಮದರಂಗಿ ಇಲ್ಲದೆ ನೀಲಿಯನ್ನೇ ನರೆಗೆ ಹಚ್ಚಿದರೆ ಮಾತ್ರ ಕೂದಲು ನೀಲಿ-ಹಸಿರಾದೀತು. ತೊಳೆದಂತೆಲ್ಲಾ ನೀಲಿಯೇ ಮೊದಲು ಮಾಸುವುದರಿಂದ ಕೆಲವು ವಾರಗಳಲ್ಲಿ ಕೆಂಪು ಮೇಲೇಳುತ್ತದೆ. ಶಿಕ್ಷಕಿಯವರು ತಿಂಗಳಿಗೊಮ್ಮೆ ಬುಡಕ್ಕಷ್ಟೇ, ತಲಾ 40 ಗ್ರಾಂನಲ್ಲಿ, ಈ ಕೆಲಸ ಮುಗಿಸುತ್ತಾರೆ.

ಅಂಗಡಿಯ 'ಕಪ್ಪು ಮೆಹಂದಿ' ಬೇರೆಯೇ ವಸ್ತು. ಅರ್ಧ ಗಂಟೆಯಲ್ಲೇ ಕಪ್ಪು ಮಾಡುವ ಪುಡಿಯಲ್ಲಿ ಹೆಚ್ಚಾಗಿ ಪ್ಯಾರಾಫಿನೈಲೀನ್ ಡಯಮೀನ್ ಎಂಬ ರಾಸಾಯನಿಕವಿರುತ್ತದೆ. ಕೆಲವರಿಗೆ ಅದು ಒಗ್ಗದೆ ನೆತ್ತಿ ತುರಿಸಿ, ಗುಳ್ಳೆಯೆದ್ದು, ಕಣ್ಣುರೆಪ್ಪೆ ಊದಿಕೊಳ್ಳುತ್ತದೆ. ಚೀಟಿಯಲ್ಲಿ ಪಿ.ಪಿ.ಡಿ. ಎಂದಿದ್ದರೆ ಅದು ಸೊಪ್ಪಿನ ಪುಡಿ ಮಾತ್ರವಲ್ಲ. ಶುದ್ಧ ಪುಡಿಯನ್ನೂ ಮೊದಲ ಸಲ ಬಳಸುವವರು ಮೊಣಕೈಯ ಒಳಬದಿಗೆ ಸ್ವಲ್ಪ ಹಚ್ಚಿ ತೊಳೆದು, ಎರಡು ದಿನ ನೋಡಲಿ. ಮನೆಯಲ್ಲಿ ಜಿ.ಸಿಕ್ಸ್.ಪಿ.ಡಿ. ಕೊರತೆಯಿರುವವರು ಮದರಂಗಿಯನ್ನು ಮುಟ್ಟದಿರುವುದು ಒಳ್ಳೆಯದು, ಏಕೆಂದರೆ ಅದು ರಕ್ತಕಣಗಳನ್ನು ಒಡೆಯಬಲ್ಲದು. ಹಸುಗೂಸುಗಳ ಕೈಕಾಲಿಗೂ ಇದೇ ಕಾರಣಕ್ಕೆ ಹಚ್ಚಬಾರದು.